ಥರ್ಮಿಸ್ಟರ್ ದೋಷ ಮತ್ತು ಥರ್ಮಲ್ ರನ್‌ಅವೇ: 3ಡಿ ಪ್ರಿಂಟರ್ ನಡುವೆಯೇ ನಿಲ್ಲುವುದೇಕೆ

ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಹಾಕುವ 3ಡಿ ಪ್ರಿಂಟರಿನಲ್ಲಿ ಉಷ್ಣತೆಗೆ ಸಂಬಂಧಿಸಿದ ಸಂದೇಶವೊಂದು ಪರದೆಯ ಮೇಲೆ ಮೂಡಿ, ಯಂತ್ರ ಇದ್ದಲ್ಲೇ ನಿಂತುಬಿಡುವುದು ಬಳಕೆದಾರರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಸಂಗತಿ. `MINTEMP`, `MAXTEMP`, `Heating failed`, `Thermal Runaway` ಎಂಬ ನಾಲ್ಕು ಹೆಸರುಗಳಲ್ಲಿ ಒಂದು ಕಾಣಿಸುತ್ತದೆ. ಹೀಟರ್‌ಗಳು ಆರುತ್ತವೆ, ಮೋಟರುಗಳು ಸಡಿಲಾಗುತ್ತವೆ, ರೀಸೆಟ್ ಮಾಡುವವರೆಗೆ ಯಂತ್ರ ಯಾವ ಆಜ್ಞೆಗೂ ಓಗೊಡುವುದಿಲ್ಲ. ಇದನ್ನು ಓದಿದವರು ನಾಝಲ್ ಮಿತಿ ಮೀರಿ ಕಾದಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ನಾಝಲ್ ಆ ಕ್ಷಣ ಸರಿಯಾದ ಉಷ್ಣತೆಯಲ್ಲೇ ಇರುತ್ತದೆ, ಇಲ್ಲವೇ ತಣ್ಣಗಾಗುತ್ತಿರುತ್ತದೆ. ಯಂತ್ರ ನಿಲ್ಲುವುದು ಅತಿಯಾದ ಶಾಖವನ್ನು ಕಂಡು ಅಲ್ಲ, ಶಾಖದ ಬಗ್ಗೆ ತನಗಿರುವ ಏಕೈಕ ಮಾಹಿತಿಯನ್ನು ಇನ್ನು ನಂಬಲಾಗದು ಎಂದು ಗೊತ್ತಾದಾಗ. ಇದನ್ನು ಒಪ್ಪಿಕೊಂಡರೆ ರಿಪೇರಿಯ ದಾರಿಯೇ ಬದಲಾಗುತ್ತದೆ. ಆಗ ಹುಡುಕಬೇಕಾದದ್ದು ಹೆಚ್ಚಾದ ಶಾಖವನ್ನಲ್ಲ, ಅಂಕಿ ಮತ್ತು ವಾಸ್ತವ ಎಲ್ಲಿ ಬೇರೆಯಾದವು ಎಂಬುದನ್ನು. ಈ ಲೇಖನ ಮುಖ್ಯವಾಗಿ ಮಾರ್ಲಿನ್ ಫರ್ಮ್‌ವೇರನ್ನು ಆಧರಿಸಿದೆ. 2011ರಲ್ಲಿ ಎರಿಕ್ ವಾನ್ ಡೆರ್ ಜಾಲ್ಮ್ ಆರಂಭಿಸಿದ ಈ ಮುಕ್ತ ತಂತ್ರಾಂಶ ಇಂದು ಅಸಂಖ್ಯಾತ ಪ್ರಿಂಟರುಗಳ ಒಳಗಿದೆ. ಬೇರೆ ಫರ್ಮ್‌ವೇರ್‌ಗಳ ತರ್ಕವೂ ಇದಕ್ಕಿಂತ ಬಹಳ ದೂರವಿಲ್ಲ.

ಬಿಸಿ ತಲೆಯಲ್ಲಿ, ಅಂದರೆ ಹಾಟ್‌ಎಂಡ್‌ನಲ್ಲಿ, ಒಂದು ಪುಟ್ಟ ಅಲ್ಯೂಮಿನಿಯಂ ತುಂಡು ಇರುತ್ತದೆ. ಅದರ ಒಂದು ರಂಧ್ರದಲ್ಲಿ ಸಾಮಾನ್ಯವಾಗಿ 40 ವ್ಯಾಟ್‌ನ ಹೀಟರ್ ಕಾರ್ಟ್ರಿಜ್, ಇನ್ನೊಂದರಲ್ಲಿ ಥರ್ಮಿಸ್ಟರ್. ಈ ಥರ್ಮಿಸ್ಟರ್ ಬಿಸಿಯಾದಷ್ಟೂ ವಿದ್ಯುತ್ ರೋಧ ಕಡಿಮೆಯಾಗುವ ಅರೆವಾಹಕದ ಮಣಿ. ಸಾಸಿವೆ ಕಾಳಿನಷ್ಟು ಗಾಜಿನೊಳಗೆ ಕೂತಿರುತ್ತದೆ. ಬಹುಪಾಲು ಪ್ರಿಂಟರುಗಳಲ್ಲಿ ಇದರ ರೋಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1,00,000 ಓಮ್. ಅದರ ಬೀಟಾ ಎಂಬ ಗುಣಾಂಕ 3950 ಎಂದು ಹಿಡಿದು ಲೆಕ್ಕ ಹಾಕಿದರೆ 30 ಡಿಗ್ರಿಯಲ್ಲಿ ಸುಮಾರು 80,000 ಓಮ್, 100 ಡಿಗ್ರಿಯಲ್ಲಿ ಸುಮಾರು 7,000 ಓಮ್, ಪಿಎಲ್‌ಎ ಮುದ್ರಿಸುವ 210 ಡಿಗ್ರಿಯಲ್ಲಿ ಬರೀ 626 ಓಮ್ ಉಳಿಯುತ್ತದೆ. ಬೋರ್ಡಿನ ಮೇಲೆ ಇದರೊಂದಿಗೆ ಸರಣಿಯಲ್ಲಿ 4,700 ಓಮ್‌ನ ಸ್ಥಿರ ರೋಧಕವೊಂದಿದ್ದು, ಎರಡರ ನಡುವಿನ ವೋಲ್ಟೇಜನ್ನು ಮೈಕ್ರೊಕಂಟ್ರೋಲರ್ ಅಳೆದು ಅಂಕಿಯಾಗಿಸುತ್ತದೆ. ಹಳೆಯ 8 ಬಿಟ್ ಬೋರ್ಡುಗಳಲ್ಲಿ ಈ ಅಂಕಿ 0ಯಿಂದ 1023ರವರೆಗೆ ಇರುತ್ತದೆ. 25 ಡಿಗ್ರಿಗೆ 977, 200 ಡಿಗ್ರಿಗೆ 140, 210 ಡಿಗ್ರಿಗೆ 120. ಫರ್ಮ್‌ವೇರಿಗೆ ಕಾಣುವುದು ಈ ಅಂಕಿ ಮಾತ್ರ. ಅದನ್ನು ತನ್ನಲ್ಲಿರುವ ಕೋಷ್ಟಕದಲ್ಲಿ ನೋಡಿ ಡಿಗ್ರಿಗೆ ಬದಲಾಯಿಸುತ್ತದೆ. ಮಣಿ ರಂಧ್ರದೊಳಗೇ ಇದೆಯೇ, ಹೊರಗೆ ಗಾಳಿಯಲ್ಲಿ ತೂಗಾಡುತ್ತಿದೆಯೇ, ವೈರು ಅರ್ಧ ಮುರಿದಿದೆಯೇ ಎಂಬುದು ಅದಕ್ಕೆ ತಿಳಿಯುವ ಬಗೆಯಿಲ್ಲ.

ಈ ಸರ್ಕ್ಯೂಟಿನಲ್ಲೇ ಒಂದು ಅಪಾಯ ಅಡಗಿದೆ. ಥರ್ಮಿಸ್ಟರಿನ ವೈರು ಪೂರ್ತಿ ತುಂಡಾದರೆ ರೋಧ ಅನಂತವಾಗಿ, ಅಂಕಿ 1023ಕ್ಕೆ ಏರುತ್ತದೆ. ಕೋಷ್ಟಕದ ಪ್ರಕಾರ ಅದು ಹೆಪ್ಪುಗಟ್ಟುವ ಚಳಿ. ಹಲವು ಪ್ರಿಂಟರುಗಳ ಪರದೆಯಲ್ಲಿ ಆಗ ಸೊನ್ನೆಗಿಂತ 14 ಡಿಗ್ರಿ ಕೆಳಗೆ ಎಂದು ಕಾಣುತ್ತದೆ. ಇದನ್ನು ಹಾಗೇ ನಂಬುವ ನಿಯಂತ್ರಕ ಏನು ಮಾಡುತ್ತದೆ? ನಾಝಲ್ ತಣ್ಣಗಿದೆ ಎಂದುಕೊಂಡು ಹೀಟರಿಗೆ ಪೂರ್ಣ ವಿದ್ಯುತ್ ಬಿಡುತ್ತದೆ, ಬಿಡುತ್ತಲೇ ಇರುತ್ತದೆ. ಅಂದರೆ ಅತಿ ಸಾಮಾನ್ಯವಾದ ದೋಷವೇ ಅತಿ ಅಪಾಯಕಾರಿ ದಿಕ್ಕಿಗೆ ತಳ್ಳುತ್ತದೆ. ಅದಕ್ಕಾಗಿಯೇ ಮಾರ್ಲಿನ್ `HEATER_0_MINTEMP` ಎಂಬ ಕೆಳಮಿತಿಯನ್ನು ಸಾಮಾನ್ಯವಾಗಿ 5 ಡಿಗ್ರಿಗೆ ಇಟ್ಟಿದೆ. ಆ ಉಷ್ಣತೆಗೆ ತಕ್ಕ ಅಂಕಿ ಸುಮಾರು 1005. ಅದಕ್ಕಿಂತ ಮೇಲೆ ಹೋದರೆ ಇದು ಚಳಿಯಲ್ಲ, ತುಂಡಾದ ವೈರು ಎಂಬ ತೀರ್ಮಾನಕ್ಕೆ ಬಂದು ಯಂತ್ರ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ಥರ್ಮಿಸ್ಟರಿನ ಎರಡು ಕಾಲುಗಳು ಒಂದಕ್ಕೊಂದು ತಾಗಿದರೆ, ಅಥವಾ ಬಿಗಿದ ಸ್ಕ್ರೂ ಅವುಗಳ ಹೊದಿಕೆಯನ್ನು ಕತ್ತರಿಸಿ ಎರಡನ್ನೂ ಅಲ್ಯೂಮಿನಿಯಂಗೆ ಒತ್ತಿದರೆ, ಅಂಕಿ ಸೊನ್ನೆಗಿಳಿದು `MAXTEMP` ಬರುತ್ತದೆ. ಇದು ಹೆಸರಿನಲ್ಲಿ ಭಯಂಕರ, ಪರಿಣಾಮದಲ್ಲಿ ಸೌಮ್ಯ. ಏಕೆಂದರೆ ನಾಝಲ್ ವಿಪರೀತ ಬಿಸಿ ಎಂದು ನಂಬಿದ ನಿಯಂತ್ರಕ ಹೇಗಿದ್ದರೂ ಹೀಟರನ್ನು ಆರಿಸಿಯೇ ಇರುತ್ತದೆ.

ಉಳಿದೆರಡು ಸಂದೇಶಗಳು ಇದಕ್ಕಿಂತ ಸೂಕ್ಷ್ಮ. ಅಂಕಿ ಮಿತಿಯೊಳಗೇ ಇದ್ದು ಸುಳ್ಳು ಹೇಳುತ್ತಿದ್ದರೆ ಕಂಡುಹಿಡಿಯುವುದು ಹೇಗೆ? ಕೊಟ್ಟ ವಿದ್ಯುತ್ತಿಗೂ ಬಂದ ಫಲಕ್ಕೂ ತಾಳೆ ನೋಡುವುದೊಂದೇ ದಾರಿ. ಕಾಯಿಸಲು ಶುರು ಮಾಡಿದ ಮೇಲೆ ಗೊತ್ತಾದ ಅವಧಿಯೊಳಗೆ (ಮಾರ್ಲಿನ್‌ನ ಆವೃತ್ತಿಗೆ ತಕ್ಕಂತೆ 20 ಅಥವಾ 40 ಸೆಕೆಂಡು) ಉಷ್ಣತೆ ಕನಿಷ್ಠ 2 ಡಿಗ್ರಿಯಾದರೂ ಏರಲೇಬೇಕು; ಏರದಿದ್ದರೆ `Heating failed`. ಒಮ್ಮೆ ಗುರಿ ಮುಟ್ಟಿದ ಮೇಲೆ ಅಳತೆ ಗುರಿಗಿಂತ 4 ಡಿಗ್ರಿಗೂ ಹೆಚ್ಚು ಕೆಳಗಿಳಿದು, 40 ಸೆಕೆಂಡುಗಳ ಕಾಲ ಅಲ್ಲಿಂದ ಮೇಲೇಳದಿದ್ದರೆ `Thermal Runaway`. ನಡುವೆ ಒಂದು ಕ್ಷಣ ಆ ಪಟ್ಟಿಯೊಳಕ್ಕೆ ಮರಳಿದರೂ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇಲ್ಲೇ ಓದುಗರು ಗಮನಿಸಬೇಕಾದ ಅಂಶವಿದೆ: ಹೆಸರು ಉಷ್ಣತೆ ಕೈಮೀರಿ ಏರಿತು ಎನ್ನುತ್ತದೆ, ಪರೀಕ್ಷೆ ನಡೆಯುವುದು ಅಳತೆ ಬಿದ್ದುದರ ಮೇಲೆ. ಮಣಿ ರಂಧ್ರದಿಂದ ಜಾರಿ ಹೊರಬಂದಾಗ ಆಗುವುದು ಇದೇ. ಮಣಿ ತಣ್ಣಗಾಗುತ್ತದೆ, ಅಳತೆ ಇಳಿಯುತ್ತದೆ, ನಿಯಂತ್ರಕ ಹೆಚ್ಚು ವಿದ್ಯುತ್ ಕೊಡುತ್ತದೆ, ಅಲ್ಯೂಮಿನಿಯಂ ತುಂಡು ಕೆಂಪಗಾಗುವತ್ತ ಸಾಗುತ್ತದೆ. ಅಂಕಿ ಇಳಿಯುತ್ತಿರುವಾಗಲೇ ನಿಜವಾದ ಉಷ್ಣತೆ ಏರುತ್ತಿರುತ್ತದೆ. ಕೆವಿನ್ ಓ'ಕಾನರ್ ರಚಿಸಿದ ಕ್ಲಿಪ್ಪರ್ ಫರ್ಮ್‌ವೇರ್ ಇದೇ ಪರಿಸ್ಥಿತಿಗೆ `Heater extruder not heating at expected rate` ಎನ್ನುತ್ತದೆ, ವೈರು ತುಂಡಾದಾಗ `ADC out of range` ಎನ್ನುತ್ತದೆ. ಆಗಿರುವುದನ್ನು ಆಗಿರುವಂತೆ ಹೇಳುವ ಈ ಸಂದೇಶಗಳೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ದೋಷ ವಿದ್ಯುತ್ತಿನದೋ ಶಾಖದ್ದೋ ಎಂದು ತಿಳಿಯಲು ಭೌತಶಾಸ್ತ್ರದ ಒಂದು ಸರಳ ಲೆಕ್ಕ ಸಾಕು. ಸುಮಾರು 10 ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಕಾಯಲು 9 ಜೂಲ್ ಬೇಕು. 40 ವ್ಯಾಟ್‌ನ ಹೀಟರ್ ಪೂರ್ತಿ ಉರಿದರೂ, ಏನೂ ನಷ್ಟವಿಲ್ಲದಿದ್ದರೂ, ಸೆಕೆಂಡಿಗೆ ನಾಲ್ಕೂವರೆ ಡಿಗ್ರಿಗಿಂತ ವೇಗವಾಗಿ ಅದು ಕಾಯಲಾರದು. 210 ಡಿಗ್ರಿಯಲ್ಲಿ ಹಿಡಿದು ನಿಲ್ಲಿಸಲು 15 ವ್ಯಾಟ್ ಬೇಕಾಗುವ ತಲೆಯಾದರೆ, ಅಲ್ಲಿಂದ ಮೇಲಕ್ಕೆ ಏರುವ ವೇಗ ಸೆಕೆಂಡಿಗೆ ಮೂರು ಡಿಗ್ರಿಯೂ ಇಲ್ಲ; ಹೀಟರ್ ಪೂರ್ತಿ ಆರಿದರೆ ತಣಿಯುವ ವೇಗ ಎರಡು ಡಿಗ್ರಿಯೊಳಗೆ. ಇದಕ್ಕಿಂತ ಚುರುಕಾದ ಯಾವ ಏರಿಳಿತವನ್ನೂ ಲೋಹ ಮಾಡಲು ಸಾಧ್ಯವಿಲ್ಲ. ಅಂಥದ್ದು ಕಂಡರೆ ಅದು ವೈರಿನದು, ಕನೆಕ್ಟರಿನದು ಅಥವಾ ಮಣಿಯದು.

ಈ ಅಳತೆಗೋಲನ್ನು ಒಂದು ಪ್ರಕರಣಕ್ಕೆ ಹಿಡಿದು ನೋಡೋಣ. ಪ್ರಿಂಟರೊಂದು ಸಣ್ಣ ವಸ್ತುಗಳನ್ನು ತೊಂದರೆಯಿಲ್ಲದೆ ಮುದ್ರಿಸುತ್ತದೆ. ಬೆಡ್ಡಿನ ಮೂಲೆಯವರೆಗೆ ಹರಡಿದ ದೊಡ್ಡ ವಸ್ತು ಬಂದಾಗ ಮಾತ್ರ ಗಂಟೆಗಟ್ಟಲೆ ನಡೆದು `MINTEMP` ಎಂದು ನಿಲ್ಲುತ್ತದೆ. ಮಲ್ಟಿಮೀಟರಿನಲ್ಲಿ ಥರ್ಮಿಸ್ಟರ್ ಅಳೆದರೆ ಕೋಣೆಯ 30 ಡಿಗ್ರಿಗೆ ತಕ್ಕ 80,000 ಓಮ್ ತೋರಿಸುತ್ತದೆ. ಹಾಗಾದರೆ ಥರ್ಮಿಸ್ಟರ್ ಸರಿಯಿದೆ, ಬೋರ್ಡೇ ಹೋಗಿದೆ ಎಂದು ನಿರ್ಧರಿಸುವವರು ಬಹಳ. ಬೋರ್ಡ್ ಬದಲಿಸುವ ಮುನ್ನ ಪ್ರಿಂಟರನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ, `M155 S1` ಎಂಬ ಆಜ್ಞೆ ಕೊಟ್ಟು ಸೆಕೆಂಡಿಗೊಮ್ಮೆ ಉಷ್ಣತೆಯ ವರದಿ ಪಡೆಯಬಹುದು. `M104 S210` ಎಂದು ಕಾಯಿಸಿ, ಉಷ್ಣತೆ ಸ್ಥಿರವಾದ ಮೇಲೆ ತಲೆಯನ್ನು ನಿಧಾನವಾಗಿ ಆ ಮೂಲೆಯತ್ತ ಸರಿಸಿದಾಗ ಬರುವ ಸಾಲುಗಳು ಹೀಗಿರುತ್ತವೆ:

```
T:210.1 /210.0 B:60.0 /60.0 @:48 B@:22
T:209.9 /210.0 B:60.0 /60.0 @:48 B@:21
T:204.6 /210.0 B:60.0 /60.0 @:88 B@:22
T:210.3 /210.0 B:60.0 /60.0 @:47 B@:23
Error:MINTEMP triggered, system stopped! Heater_ID: 0
```

ಇಲ್ಲಿ `T:` ಅಳೆದ ಉಷ್ಣತೆ, ಓರೆಗೆರೆಯ ಆಚೆಗಿನದು ಗುರಿ, `@:` ಹೀಟರಿಗೆ ಕೊಡುತ್ತಿರುವ ವಿದ್ಯುತ್ತಿನ ಪ್ರಮಾಣ. 127 ಎಂದರೆ ಪೂರ್ಣ. ಮೂರನೆಯ ಸಾಲು ನೋಡಿ. ಒಂದೇ ಸೆಕೆಂಡಿನಲ್ಲಿ ಐದು ಡಿಗ್ರಿಗೂ ಹೆಚ್ಚು ಇಳಿದು, ಮುಂದಿನ ಸೆಕೆಂಡಿನಲ್ಲಿ ಅಷ್ಟೇ ಏರಿದೆ. ಲೋಹ ಸೆಕೆಂಡಿಗೆ ಮೂರು ಡಿಗ್ರಿಯನ್ನೂ ಏರಲಾರದು ಎಂದಮೇಲೆ ಇದು ಶಾಖದ ಏರಿಳಿತವಲ್ಲ. ಲೆಕ್ಕ ಹಿಂದಕ್ಕೆ ಹಾಕಿದರೆ 204.6 ಡಿಗ್ರಿಗೆ ತಕ್ಕ ರೋಧ ಸುಮಾರು 687 ಓಮ್, ಇರಬೇಕಾದದ್ದು 626. ಎಲ್ಲೋ ಒಂದು ಸಂಪರ್ಕ ಸಡಿಲವಾಗಿ 60 ಓಮ್ ಸೇರಿಕೊಂಡಿದೆ. ಮುಂದಿನ ಬಾಗಿನಲ್ಲಿ ಅದೇ ಸಂಪರ್ಕ ಪೂರ್ತಿ ಬಿಟ್ಟುಹೋಗಿದೆ. ತಣ್ಣಗಿರುವಾಗ ಮಲ್ಟಿಮೀಟರ್ ಇದನ್ನು ಹಿಡಿಯದಿದ್ದುದು ಏಕೆಂಬುದೂ ಈಗ ಸ್ಪಷ್ಟ. 80,000 ಓಮ್‌ಗೆ 60 ಓಮ್ ಸೇರಿದರೆ ಆಗುವ ವ್ಯತ್ಯಾಸ ಡಿಗ್ರಿಯ ಐವತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅದೇ 60 ಓಮ್ 626ಕ್ಕೆ ಸೇರಿದರೆ ಐದು ಡಿಗ್ರಿ. ಥರ್ಮಿಸ್ಟರ್ ಬಿಸಿಯಾದಷ್ಟೂ ಅದರ ರೋಧ ಕುಗ್ಗುವುದರಿಂದ ಕೆಟ್ಟ ಸಂಪರ್ಕದ ದನಿ ಜೋರಾಗುತ್ತದೆ. ತಣ್ಣನೆಯ ಅಳತೆ ವೈರು ಪೂರ್ತಿ ತುಂಡಾಗಿಲ್ಲ ಎಂಬುದನ್ನಷ್ಟೇ ಹೇಳಬಲ್ಲದು, ಸಂಪರ್ಕ ಚೆನ್ನಾಗಿದೆ ಎನ್ನಲಾರದು. ಇಂಥ ದೋಷ ಸಿಗುವ ಜಾಗಗಳು ಎರಡು ಮೂರೇ: ತಲೆಯೊಂದಿಗೆ ಸಾವಿರಾರು ಸಲ ಬಾಗುವ ವೈರು ಕಟ್ಟಿನಲ್ಲಿ ಬಾಗು ಶುರುವಾಗುವ ತುದಿ, ಬೋರ್ಡಿನ ಬಳಿಯ ಪುಟ್ಟ ಬಿಳಿ ಕನೆಕ್ಟರಿನ ಪಿನ್ನು, ಮತ್ತು ಗಾಜಿನ ಮಣಿಯಿಂದ ಕಾಲುಗಳು ಹೊರಬರುವ ಜಾಗ. ವರದಿ ಓಡುತ್ತಿರುವಾಗ ಒಂದೊಂದನ್ನೇ ಒಣ ಮರದ ಕಡ್ಡಿಯಿಂದ ಮೆಲ್ಲಗೆ ಅಲುಗಾಡಿಸಿದರೆ ಯಾವುದು ಎಂಬುದು ಅಂಕಿಯಲ್ಲೇ ಕಾಣುತ್ತದೆ. ಬಿಸಿ ತಲೆಯ ಹತ್ತಿರ ಬರಿಗೈ ಹಾಕಬಾರದು. 24 ವೋಲ್ಟಿನ ಹೀಟರ್ ವೈರಿಗೆ ಲೋಹದ ಉಪಕರಣ ತಾಗಿಸಲೂಬಾರದು.

ವರದಿಯ ಚಹರೆ ಬೇರೆಯಾದರೆ ಕಾರಣವೂ ಬೇರೆ. `@:` 127ಕ್ಕೇರಿ ಅಲ್ಲೇ ನಿಂತು, ಉಷ್ಣತೆ ಮಾತ್ರ ಸೆಕೆಂಡಿಗೆ ಒಂದೆರಡು ಡಿಗ್ರಿಯಂತೆ ನಯವಾಗಿ ಇಳಿದು `Thermal Runaway` ಬಂದರೆ ಹೀಟರಿಗೆ ವಿದ್ಯುತ್ತೇ ಮುಟ್ಟುತ್ತಿಲ್ಲ ಎಂಬ ಸಂದೇಹ ಮೊದಲು ಬರಬೇಕು. ಬೋರ್ಡಿನ ಸ್ಕ್ರೂ ಟರ್ಮಿನಲಿನಲ್ಲಿ ಬೆಸುಗೆ ಹಾಕಿದ ವೈರಿನ ತುದಿ ಇದ್ದರೆ ಇದು ಬಹಳ ಸಾಮಾನ್ಯ. ಬೆಸುಗೆಯ ಸೀಸ ಅಥವಾ ತವರ ಒತ್ತಡದಲ್ಲಿ ಕಾಲಕ್ರಮೇಣ ಹರಡಿ ಸ್ಕ್ರೂ ಸಡಿಲವಾಗುತ್ತದೆ, ಸಡಿಲವಾದ ಕಡೆ ಬಿಸಿಯೇರಿ ಟರ್ಮಿನಲ್ ಕಂದುಬಣ್ಣಕ್ಕೆ ತಿರುಗುತ್ತದೆ. ವೈರಿನ ತುದಿಗೆ ಬೆಸುಗೆಯ ಬದಲು ಲೋಹದ ತೋಳು, ಅಂದರೆ ಫೆರೂಲ್, ಒತ್ತಿ ಹಾಕುವುದು ಸರಿಯಾದ ಪರಿಹಾರ. ಇನ್ನು, ಮೊದಲ ಪದರ ಚೆನ್ನಾಗಿ ಬಿದ್ದು, ಎರಡನೆಯದೋ ಮೂರನೆಯದೋ ಶುರುವಾದಾಗಲೇ ಅಂಕಿ ಇಳಿಯತೊಡಗಿದರೆ ಕೈಮಾಡಬೇಕಾದದ್ದು ವಸ್ತುವನ್ನು ತಣಿಸುವ ಫ್ಯಾನಿನ ಕಡೆಗೆ. ಸ್ಲೈಸರುಗಳು ಸಾಮಾನ್ಯವಾಗಿ ಆ ಹೊತ್ತಿಗೇ ಅದನ್ನು ಚಾಲೂ ಮಾಡುತ್ತವೆ. ಅಲ್ಯೂಮಿನಿಯಂ ತುಂಡಿನ ಸಿಲಿಕೋನ್ ಹೊದಿಕೆ ಹರಿದಿದ್ದರೆ ಗಾಳಿ ನೇರ ಲೋಹಕ್ಕೆ ಬಡಿದು, 40 ವ್ಯಾಟ್ ಸಾಲದಾಗುತ್ತದೆ. ಹೊದಿಕೆ ಬದಲಿಸಿ, `M303 E0 S210 C8` ಕೊಟ್ಟು ಪಿಐಡಿ ಅಂಕಿಗಳನ್ನು ಹೊಸದಾಗಿ ಕಂಡುಕೊಂಡು ಉಳಿಸಿದರೆ ಮುಗಿಯಿತು.

ಮಣಿ ಜಾರಿದಾಗಲೂ ವರದಿ ಹೀಟರ್ ಸತ್ತ ಹಾಗೆಯೇ ಕಾಣುತ್ತದೆ: `@:127`, ಇಳಿಯುವ ಅಂಕಿ. ಈ ಎರಡನ್ನು ಅಂಕಿಯಿಂದ ಬೇರ್ಪಡಿಸಲು ಆಗುವುದಿಲ್ಲ, ಪ್ಲಾಸ್ಟಿಕ್ಕನ್ನು ನೋಡಬೇಕು. ಹೀಟರ್ ಸತ್ತಿದ್ದರೆ ಎಳೆ ಗಟ್ಟಿಯಾಗಿ, ಅದನ್ನು ತಳ್ಳುವ ಮೋಟರು ಟಕ್ ಟಕ್ ಎಂದು ಹಿಂದೆ ಜಾರುತ್ತದೆ. ಮಣಿ ಜಾರಿದ್ದರೆ ಪ್ಲಾಸ್ಟಿಕ್ ನೀರಾಗಿ ಸುರಿಯುತ್ತದೆ, ಕಂದಾಗುತ್ತದೆ, ವಾಸನೆ ಬರುತ್ತದೆ. ಈ ಎರಡನೆಯ ಲಕ್ಷಣ ಕಂಡಲ್ಲಿ ಪರೀಕ್ಷೆಗೆ ನಿಲ್ಲದೆ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು.

ಫರ್ಮ್‌ವೇರಿನ ಈ ಕಾವಲಿನ ವಿರುದ್ಧ ಎತ್ತುವ ಆಕ್ಷೇಪಗಳಲ್ಲಿ ಬಲವಾದದ್ದು ಇದು: ಹತ್ತು ಸಲ ನಿಂತರೆ ಒಂಬತ್ತು ಸಲ ಬೆಂಕಿಯ ಅಪಾಯವೇನೂ ಇರುವುದಿಲ್ಲ; ಇಡೀ ದಿನದ ಮುದ್ರಣ ಕಸದ ಬುಟ್ಟಿಗೆ ಹೋಗುತ್ತದೆ; ಎಳೆ ನಷ್ಟ, ಗಿರಾಕಿಗೆ ಕೊಟ್ಟ ಮಾತು ನಷ್ಟ. ಒಂದು ಕ್ಷಣದ ಸಡಿಲಿಕೆಗೆ ಪೂರ್ತಿ ನಿಲ್ಲಿಸುವ ಬದಲು ತಡೆಹಿಡಿದು, ಅಂಕಿ ಸರಿಯಾದ ಮೇಲೆ ಮುಂದುವರಿಯಬಾರದೇ? ನಷ್ಟ ನಿಜ. ಆದರೆ ಈ ವಾದ ಫರ್ಮ್‌ವೇರಿಗಿಲ್ಲದ ತಿಳಿವಳಿಕೆಯನ್ನು ಅದಕ್ಕೆ ಕೊಟ್ಟು ಮಾತನಾಡುತ್ತದೆ. ಒಮ್ಮೆ ಸೊನ್ನೆಗಿಂತ ಕೆಳಗೆ ಹೋಗಿ 210ಕ್ಕೆ ಮರಳಿದ ಅಂಕಿಯನ್ನು ಯಾವ ಆಧಾರದ ಮೇಲೆ ನಂಬುವುದು? ಮೇಲಿನ ಪ್ರಕರಣದ 60 ಓಮ್ ಅಲ್ಲೇ ಉಳಿದಿದ್ದರೆ ಪರದೆ 210 ಎಂದೇ ತೋರಿಸುತ್ತಿತ್ತು, ನಾಝಲ್ 215ರ ಮೇಲಿರುತ್ತಿತ್ತು. 600 ಓಮ್ ಸೇರಿದ್ದರೆ ಆ ಅಂತರ ನೂರಾರು ಡಿಗ್ರಿಯಾಗುತ್ತಿತ್ತು. ಹಲವು ಅಗ್ಗದ ಪ್ರಿಂಟರುಗಳಲ್ಲಿ ಪ್ಲಾಸ್ಟಿಕ್ ಎಳೆ ಸಾಗುವ ಪಿಟಿಎಫ್ಇ ಕೊಳವೆ ನಾಝಲಿನವರೆಗೂ ಇಳಿದಿರುತ್ತದೆ. 240 ಡಿಗ್ರಿಯಾಚೆ ಅದನ್ನು ಕಾಯಿಸಬಾರದು, ಇನ್ನೂ ಮೇಲೆ ಹೋದರೆ ಅದು ಒಡೆದು ಉಸಿರಾಟಕ್ಕೆ ಹಾನಿಕರವಾದ ಹೊಗೆ ಬಿಡುತ್ತದೆ. ಸುಳ್ಳೆಚ್ಚರಿಕೆ ಎನ್ನಿಸಿಕೊಳ್ಳುವ ಆ ಒಂಬತ್ತರಲ್ಲೂ ವೈರು ನಿಜವಾಗಿಯೇ ಕೆಟ್ಟಿರುತ್ತದೆ ಎಂಬುದನ್ನು ಮರೆಯಬಾರದು. ಬೆಂಕಿ ಹತ್ತಲಿಲ್ಲ ಎಂಬ ಕಾರಣಕ್ಕೆ ಎಚ್ಚರಿಕೆ ಸುಳ್ಳಾಗುವುದಿಲ್ಲ.

ಎರಡನೆಯ ಆಕ್ಷೇಪ ಸಲಹೆಯ ರೂಪದಲ್ಲಿ ಬರುತ್ತದೆ: `THERMAL_PROTECTION_PERIOD` ಎಂಬಲ್ಲಿ 40 ಇರುವುದನ್ನು 120 ಮಾಡಿ, ಕಾಟ ತಪ್ಪುತ್ತದೆ. ತಪ್ಪುತ್ತದೆ, ಆದರೆ ಯಾವ ಬೆಲೆಗೆ ಎಂದು ಲೆಕ್ಕ ಹಾಕಬೇಕು. ಮೊದಲು ಹೇಳಿದ 10 ಗ್ರಾಂ ತುಂಡು, 40 ವ್ಯಾಟ್ ಹೀಟರ್, 210 ಡಿಗ್ರಿಯಲ್ಲಿ 15 ವ್ಯಾಟ್ ನಷ್ಟ ಎಂದಿಟ್ಟುಕೊಂಡು, ಮಣಿ ಜಾರಿ ಹೀಟರ್ ಪೂರ್ತಿ ಉರಿಯತೊಡಗಿದರೆ ಸ್ಥೂಲ ಲೆಕ್ಕದಲ್ಲಿ 40 ಸೆಕೆಂಡಿಗೆ ಉಷ್ಣತೆ 300 ಡಿಗ್ರಿಯ ಹತ್ತಿರ ಬರುತ್ತದೆ. 120 ಸೆಕೆಂಡು ಬಿಟ್ಟರೆ 400 ದಾಟುತ್ತದೆ. ನಾಝಲಿನ ಹಿತ್ತಾಳೆಯ ತೂಕ ಸೇರಿದರೆ ಏರಿಕೆ ಸ್ವಲ್ಪ ನಿಧಾನವಾದೀತು, ಆದರೆ ದಿಕ್ಕು ಬದಲಾಗದು. ಅಂದರೆ ಈಗಿರುವ 40 ಸೆಕೆಂಡೂ ಧಾರಾಳವಾದ ಅವಧಿಯೇ. ಅದನ್ನು ಮೂರು ಪಟ್ಟು ಮಾಡುವುದು ಕಾವಲನ್ನು ಇಟ್ಟುಕೊಂಡೂ ಇಲ್ಲದಂತೆ ಮಾಡುವುದು.

ಹಾಗೆಂದು ಈ ಅಂಕಿಗಳನ್ನು ಎಂದೂ ಮುಟ್ಟಬಾರದು ಎನ್ನುವುದೂ ಸರಿಯಲ್ಲ. ಬೆಡ್ಡಿನ ವಿಷಯ ಬೇರೆ. ದೊಡ್ಡ ಗಾಜಿನ ಹಲಗೆ ಹೊತ್ತ ಅಗಲವಾದ ಬೆಡ್ಡು ನಿಧಾನವಾಗಿ ಕಾಯುತ್ತದೆ. ಮಾರ್ಲಿನ್ ಅದಕ್ಕೆ 60 ಸೆಕೆಂಡಿನಲ್ಲಿ 2 ಡಿಗ್ರಿ ಏರಿದರೆ ಸಾಕು ಎನ್ನುತ್ತದೆ. ವಿದ್ಯುತ್ ಸರಬರಾಜು ದುರ್ಬಲವಾಗಿದ್ದರೆ, ಬೆಡ್ಡಿನ ಅಡಿಯಲ್ಲಿ ಶಾಖ ತಡೆಯುವ ಹಾಳೆ ಇಲ್ಲದಿದ್ದರೆ, 100 ಡಿಗ್ರಿಯ ಹತ್ತಿರ ಬಂದಾಗ ಅದೂ ಕಷ್ಟ. ಅಡಿಗೆ ಹಾಳೆ ಅಂಟಿಸಿ, ವೈರಿನ ದಪ್ಪ ಸರಿಯಿದೆಯೇ ಎಂದು ನೋಡಿ, ಆ ಮೇಲೂ ನಿಂತರೆ ಅವಧಿಯನ್ನು ಮಿತವಾಗಿ ಹೆಚ್ಚಿಸುವುದು ನ್ಯಾಯವೇ; ಏಕೆಂದರೆ ಇಲ್ಲಿ ಕಾಯುವ ವೇಗ ಕಡಿಮೆಯಾದ್ದರಿಂದ ಅಪಾಯ ಬೆಳೆಯುವ ವೇಗವೂ ಕಡಿಮೆ. ಕೆಳಮಿತಿಯ 5 ಡಿಗ್ರಿಗೂ ಊರನ್ನು ನೋಡಿ ಅರ್ಥ ಹಚ್ಚಬೇಕು. ಕರ್ನಾಟಕದ ಮನೆ ಅಂಗಡಿಗಳೊಳಗೆ ಸಾಮಾನ್ಯವಾಗಿ ಅಷ್ಟು ಚಳಿಯಿರುವುದಿಲ್ಲ, ಹಾಗಾಗಿ ಇಲ್ಲಿ `MINTEMP` ಎಂದರೆ ವೈರೆಂದೇ ತಿಳಿಯಬಹುದು. ಮಿಶಿಗನ್ನಿನಲ್ಲೋ ಟೊರಾಂಟೊದಲ್ಲೋ ನೆಲೆಸಿದ ಕನ್ನಡಿಗರ ಗ್ಯಾರೇಜಿನಲ್ಲಿ ಜನವರಿಯಲ್ಲಿ ಅದೇ ಸಂದೇಶ ಬಂದರೆ ಅದು ನಿಜವಾದ ಚಳಿಯೂ ಇರಬಹುದು. ಕೋಣೆಯನ್ನು ಬೆಚ್ಚಗೆ ಮಾಡಿ ರೀಸೆಟ್ ಮಾಡಿದರೆ ಯಂತ್ರ ಏಳುತ್ತದೆ.

ಕಾವಲಿಗೂ ಮಿತಿಗಳಿವೆ. ಥರ್ಮಿಸ್ಟರ್ ಬದಲಿಸಿದಾಗ ಕೋಷ್ಟಕ ಬದಲಿಸದಿದ್ದರೆ ಯಾವ ಸಂದೇಶವೂ ಬರುವುದಿಲ್ಲ, ಉಷ್ಣತೆ ಮಾತ್ರ ತಪ್ಪಾಗಿ ಓಡುತ್ತದೆ. ಮಾರ್ಲಿನ್‌ನಲ್ಲಿ `TEMP_SENSOR_0` ಎಂಬಲ್ಲಿ 1 ಎಂದರೆ ಎಪ್ಕಾಸ್ ಬಗೆಯ ಮಣಿ, 5 ಎಂದರೆ ಸೆಮಿಟೆಕ್ 104ಜಿಟಿ-2, 11 ಎಂದರೆ 3950 ಬೀಟಾದ್ದು. ಕೊಂಡ ಪೊಟ್ಟಣದ ಮೇಲಿನ ವಿವರಕ್ಕೆ ತಕ್ಕದ್ದನ್ನು ಆರಿಸಬೇಕು. ಇದಕ್ಕಿಂತ ಗಂಭೀರವಾದದ್ದು ಮಾಸ್‌ಫೆಟ್‌ನದು. ಹೀಟರಿಗೆ ವಿದ್ಯುತ್ ಬಿಡುವ ಈ ಸ್ವಿಚ್ಚು ಕೆಟ್ಟಾಗ ಹೆಚ್ಚಾಗಿ ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ. ಆಗ ಫರ್ಮ್‌ವೇರ್ `MAXTEMP` ಎಂದು ಕೂಗಿ, ಹೀಟರ್ ಆರಿಸುವ ಆಜ್ಞೆ ಕೊಟ್ಟರೂ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಪರದೆಯಲ್ಲಿ ನಿಂತಿದೆ ಎಂದಿದ್ದರೂ ತಲೆ ಕಾಯುತ್ತಲೇ ಇರುತ್ತದೆ. ಹೀಟರಿಗೆ ಹೋಗುವ ದಪ್ಪ ವೈರು ತುಂಡಾಗದೆ ಹಾಳಾದರೂ ಈ ಕಾವಲು ಅದನ್ನು ಕಾಣದು. 2024ರ ಆರಂಭದಲ್ಲಿ ಬಾಂಬು ಲ್ಯಾಬ್ ಕಂಪನಿ ತನ್ನ ಎ1 ಪ್ರಿಂಟರುಗಳನ್ನು ಹಿಂಪಡೆದದ್ದು ಬೆಡ್ಡಿನ ಕೇಬಲ್ ಬಾಗಿ ಹಾನಿಗೊಳ್ಳುವ ಕಾರಣಕ್ಕೆ. ಆದ್ದರಿಂದ ಬೆಡ್ಡಿಗೆ ಪ್ರತ್ಯೇಕ ಉಷ್ಣ ಫ್ಯೂಸ್, ಕೋಣೆಗೆ ಹೊಗೆ ಎಚ್ಚರಿಕೆ ಗಂಟೆ, ಸುತ್ತ ಬೆಂಕಿ ಹಿಡಿಯದ ಜಾಗ, ಇವೆಲ್ಲ ಫರ್ಮ್‌ವೇರಿನ ಜೊತೆಗೆ ಬೇಕಾದವು. ಅದು ಎಲ್ಲವನ್ನೂ ತಡೆಯಲಾರದು ಎಂಬುದು ಅದನ್ನು ಆರಿಸಿಡಲು ಕಾರಣವಾಗಲಾರದು. ಅದು ತಡೆಯುವ ದೋಷವೇ, ಅಂದರೆ ಥರ್ಮಿಸ್ಟರಿನ ವೈರು, ಮಿಕ್ಕವುಗಳಿಗಿಂತ ಹೆಚ್ಚು ಸಲ ಕೆಡುವಂಥದ್ದು.

ಈ ಕಾವಲು ಎಲ್ಲ ಯಂತ್ರಗಳಲ್ಲೂ ಇದೆ ಎಂದುಕೊಳ್ಳುವಂತಿಲ್ಲ. ಬಹಳ ಜನಪ್ರಿಯವಾಗಿದ್ದ ಆನೆಟ್ ಎ8 ಎಂಬ ಅಗ್ಗದ ಕಿಟ್, ಥರ್ಮಲ್ ರನ್‌ಅವೇ ರಕ್ಷಣೆಯಿಲ್ಲದ ಫರ್ಮ್‌ವೇರಿನೊಂದಿಗೆ ಮಾರಾಟವಾಗುತ್ತಿತ್ತು. ಅಂಥ ಹಳೆಯ ಯಂತ್ರಗಳು ಕೈಯಿಂದ ಕೈಗೆ ದಾಟಿ ಈಗಲೂ ಓಡುತ್ತಿವೆ. ನಿಮ್ಮ ಪ್ರಿಂಟರಿನಲ್ಲಿ ಕಾವಲು ಇದೆಯೇ ಎಂದು ತಿಳಿಯಲು ಹಾನಿಯಿಲ್ಲದ ಪರೀಕ್ಷೆಯೊಂದಿದೆ. ವಿದ್ಯುತ್ ಪೂರ್ತಿ ತೆಗೆದು, ಬೋರ್ಡಿನಿಂದ ಹಾಟ್‌ಎಂಡ್ ಹೀಟರಿನ ಎರಡೂ ವೈರುಗಳನ್ನು ಬಿಚ್ಚಿ, ತುದಿಗಳಿಗೆ ಟೇಪು ಸುತ್ತಿ ದೂರ ಇರಿಸಿ. ಥರ್ಮಿಸ್ಟರನ್ನು ಹಾಗೇ ಬಿಡಿ. ಮತ್ತೆ ಚಾಲೂ ಮಾಡಿ `M104 S150` ಕೊಡಿ, ಅಥವಾ ಪರದೆಯಿಂದಲೇ 150 ಡಿಗ್ರಿ ಆರಿಸಿ. ಹೀಟರ್ ಇಲ್ಲದ್ದರಿಂದ ಏನೂ ಕಾಯುವುದಿಲ್ಲ. ಕಾವಲು ಇದ್ದರೆ ಒಂದು ನಿಮಿಷದೊಳಗೆ `Heating failed` ಬಂದು ಯಂತ್ರ ನಿಲ್ಲಬೇಕು. ಐದು ನಿಮಿಷ ಕಳೆದರೂ ಕೋಣೆಯ ಉಷ್ಣತೆಯನ್ನೇ ತೋರಿಸುತ್ತ ಸುಮ್ಮನೆ ಕೂತಿದ್ದರೆ, ಹೊಸ ಫರ್ಮ್‌ವೇರ್ ಹಾಕುವವರೆಗೆ ಆ ಪ್ರಿಂಟರನ್ನು ಚಾಲೂ ಮಾಡಬೇಡಿ.